ಹದಿನೇಳು ಸಾವಿರ ಕೊಟ್ಟರೆ ಸಿಗೋದೇನು?

ನಮ್ಮ ಹಾಸ್ಟೆಲಿನಲ್ಲಿ ರಿಫರ್ಬಿಶ್ಡ್ ಲ್ಯಾಪ್‌ಟಾಪ್ ಅಂದರೆ ಎರಡೇ ಪಕ್ಷ. "ಸಖತ್ ಡೀಲ್ ಮಗಾ" ಅನ್ನೋರು ಒಂದು ಕಡೆ, "ಯಾರೋ ಬಳಸಿ ಬಿಸಾಕಿದ್ದಕ್ಕೆ ದುಡ್ಡು ಕೊಡ್ತೀಯಾ?" ಅನ್ನೋರು ಇನ್ನೊಂದು ಕಡೆ. ಎರಡೂ ಕಡೆಯವರು ಪೆನ್ನು ಹಿಡಿದು ಲೆಕ್ಕ ಹಾಕಿದ್ದನ್ನು ಮಾತ್ರ ನಾನು ನೋಡಿಲ್ಲ. ಚಿಕ್ಕಮ್ಮನ ಮಗ ಈ ವರ್ಷ ಇಂಜಿನಿಯರಿಂಗ್ ಸೇರಿದ. "ನೀನೇ ನೋಡಿ ಒಂದು ಕೊಡಿಸಪ್ಪ, 40 ಸಾವಿರದ ಮೇಲೆ ಹೋಗಬೇಡ" ಅಂತ ಚಿಕ್ಕಮ್ಮ ಹೇಳಿದ್ದರಿಂದ ಆ ಲೆಕ್ಕ ನನ್ನ ಪಾಲಿಗೆ ಬಂತು.

ಕೊನೆಗೆ ಉಳಿದದ್ದು ಎರಡು. ಅಂಗಡಿಯಲ್ಲಿ 39 ಸಾವಿರಕ್ಕೆ ಹೊಸದು: ಐ3, 8 ಜಿಬಿ ರ‍್ಯಾಮ್, ಒಂದು ವರ್ಷ ವಾರಂಟಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 22 ಸಾವಿರಕ್ಕೆ ಯಾವುದೋ ಆಫೀಸಿನಿಂದ ಬಂದ ಬಿಸಿನೆಸ್ ಲ್ಯಾಪ್‌ಟಾಪ್: 8ನೇ ಜನರೇಷನ್ ಐ5, 16 ಜಿಬಿ ರ‍್ಯಾಮ್, ಅಂಗಡಿಯವನದೇ ಮೂರು ತಿಂಗಳ ವಾರಂಟಿ. ವೇಗದಲ್ಲಿ ಹೊಸದೇ ಒಂದು ಕೈ ಮೇಲು, ಅದನ್ನು ಒಪ್ಪಬೇಕು. ಆದರೆ ಫಸ್ಟ್ ಇಯರ್ ಸಿ ಪ್ರೋಗ್ರಾಂ, ಸ್ವಲ್ಪ ಕ್ಯಾಡ್, ಇಪ್ಪತ್ತು ಟ್ಯಾಬ್ ತೆರೆದ ಬ್ರೌಸರ್‌ಗೆ ರ‍್ಯಾಮ್ ಹೆಚ್ಚು ಕೆಲಸಕ್ಕೆ ಬರುತ್ತೆ. ಅಲ್ಲಿಗೆ ಉಳಿದ ಪ್ರಶ್ನೆ ಒಂದೇ: ಆ 17 ಸಾವಿರದ ವ್ಯತ್ಯಾಸದಲ್ಲಿ ನಾವು ಕೊಳ್ಳೋದು ಏನನ್ನು?

ರಿಲಯಬಿಲಿಟಿ ಪಾಠದ ಬಾತ್‌ಟಬ್ ಕರ್ವ್ ನೆನಪಿದೆಯಾ? ತಯಾರಿಕೆಯ ದೋಷ ಇರೋ ಬಿಡಿಭಾಗಗಳು ಬಹುತೇಕ ಶುರುವಿನಲ್ಲೇ ಕೈಕೊಡ್ತವೆ, ಆಮೇಲೆ ಬಹಳ ಕಾಲ ಶಾಂತಿ, ಕೊನೆಗೆ ಸವೆದು ಕೆಡೋ ಕಾಲ. ಒಂದು ವರ್ಷದ ವಾರಂಟಿ ಚೆನ್ನಾಗಿ ಕಾಯೋದು ಮೊದಲ ಭಾಗವನ್ನು. ಐದು ವರ್ಷ ಓಡಿದ ಮೆಷಿನ್ ಅದನ್ನು ದಾಟಿ ಬಂದಿರುತ್ತೆ; ಅದರ ಭಯ ಏನಿದ್ದರೂ ಸವೆತದ್ದು. ಸವೆತದ ಒಳ್ಳೇ ಗುಣ ಅಂದರೆ, ಅದನ್ನು ಮೊದಲೇ ಅಳೆಯಬಹುದು.

ಅಂಗಡಿಯಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಹೊಡೆದೆ:

```
powercfg /batteryreport
```

ಅದು ಒಂದು ಎಚ್‌ಟಿಎಂಎಲ್ ಫೈಲ್ ಮಾಡಿಕೊಡುತ್ತೆ. DESIGN CAPACITY ಮುಂದೆ 48,000 mWh, FULL CHARGE CAPACITY ಮುಂದೆ 28,800 ಇತ್ತು. ಅಂದರೆ ಉಳಿದಿರೋದು ಶೇ. 60. ಸರಾಸರಿ 8 ವ್ಯಾಟ್ ಎಳೆಯುತ್ತೆ ಅಂದುಕೊಂಡರೆ ಹೊಸದರಲ್ಲಿ ಆರು ಗಂಟೆ ಬರುತ್ತಿದ್ದದ್ದು ಈಗ ಮೂರೂವರೆ. ಬ್ಯಾಟರಿ ಬದಲಿಸಲೇಬೇಕು, 3,500 ರೂಪಾಯಿ. ಎಸ್‌ಎಸ್‌ಡಿಗೆ CrystalDiskInfo ಸಾಕು. Power On Hours 10,400 ಅಂತ ಬಂತು. ದಿನಕ್ಕೆ 8 ಗಂಟೆ, ವರ್ಷಕ್ಕೆ 250 ದಿನ ಅಂದರೆ ಐದು ವರ್ಷದ ಆಫೀಸ್ ಚಾಕರಿ, ಲೆಕ್ಕ ಕೂಡುತ್ತೆ. (ಅಲ್ಲಿ ನೂರೋ ಇನ್ನೂರೋ ಗಂಟೆ ಕಂಡರೆ ಖುಷಿಪಟ್ಟು ಲ್ಯಾಪ್‌ಟಾಪೇ ಹೊಸದು ಅಂದುಕೊಳ್ಳಬೇಡಿ, ಡಿಸ್ಕ್ ಮಾತ್ರ ಬದಲಾಗಿರುತ್ತೆ.) ಹೆಲ್ತ್ ಚೆನ್ನಾಗಿತ್ತು, ಬಿಟ್ಟೆ.

ಸವೆತಕ್ಕಿಂತ ದೊಡ್ಡ ಅಪಾಯ ಬೀಗದ್ದು. ಬಯೋಸ್ ಒಳಗೆ ಹೋದಾಗ ಪಾಸ್‌ವರ್ಡ್ ಕೇಳಿದರೆ ಎದ್ದು ಬನ್ನಿ. ಬಿಸಿನೆಸ್ ಮಾಡೆಲ್‌ಗಳಲ್ಲಿ ಅದು ಸಾಮಾನ್ಯವಾಗಿ ಸೆಲ್ ತೆಗೆದರೂ ಅಳಿಸಲ್ಲ. ಇನ್ನೊಂದು, ವಿಂಡೋಸ್ ರೀಸೆಟ್ ಮಾಡಿಸಿ, ಫೋನಿನ ಹಾಟ್‌ಸ್ಪಾಟ್ ಕೊಟ್ಟು ಮೊದಲಿನಿಂದ ಸೆಟಪ್ ಮಾಡಿ. ಹಳೇ ಕಂಪನಿ ತನ್ನ ಆಟೋಪೈಲಟ್ ಪಟ್ಟಿಯಿಂದ ಈ ಮೆಷಿನ್ ತೆಗೆಯದೇ ಇದ್ದರೆ ಆ ಕಂಪನಿಯ ಲಾಗಿನ್ ಪರದೆ ಎದುರಿಗೆ ಬರುತ್ತೆ. ಇಂಟರ್ನೆಟ್ ಇಲ್ಲದೆ ತೋರಿಸಿದ ಲ್ಯಾಪ್‌ಟಾಪ್‌ನಲ್ಲಿ ಇದು ಗೊತ್ತೇ ಆಗಲ್ಲ. ಜನರೇಷನ್ ವಿಷಯವೂ ಇದರ ಜೊತೆಗೇ ಬರುತ್ತೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪೋದು ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ನೇ ಜನರೇಷನ್‌ನಿಂದ ಮೇಲಿನವನ್ನು. ಪಕ್ಕದ ಅಂಗಡಿಯಲ್ಲಿ 14 ಸಾವಿರಕ್ಕೆ 6ನೇ ಜನರೇಷನ್ ಇತ್ತು. ಲಿನಕ್ಸ್ ಹಾಕ್ಕೊಳ್ಳೋರಿಗೆ ಅದೂ ಪರವಾಗಿಲ್ಲ, ಇವನಿಗಲ್ಲ.

ಇಷ್ಟೆಲ್ಲ ಅಳೆದ ಮೇಲೂ ಅಳೆಯಲಾಗದ್ದು ಮದರ್‌ಬೋರ್ಡ್. ಅದು ಯಾವಾಗ ಹೋಗುತ್ತೆ ಅಂತ ಯಾವ ಕಮಾಂಡೂ ಹೇಳಲ್ಲ. ಹೋದರೆ ಅದೇ ಮಾಡೆಲ್‌ನ ಹಳೇ ಬೋರ್ಡ್ ಹಾಕಿಸೋಕೆ ಎಷ್ಟಾಗುತ್ತೆ ಅಂತ ಅಲ್ಲೇ ರಿಪೇರಿಯವರನ್ನು ಕೇಳಿದೆ: ಕೂಲಿ ಸೇರಿ ಹತ್ತು ಸಾವಿರದ ಆಸುಪಾಸು. ಬ್ಯಾಟರಿ 3,500 ಸೇರಿಸಿದರೆ 13,500. ಅಂದರೆ ಅತಿ ಕೆಟ್ಟದ್ದೇ ಒಮ್ಮೆ ಆದರೂ 17 ಸಾವಿರದೊಳಗೇ ಮುಗಿಯುತ್ತೆ. ವ್ಯತ್ಯಾಸ ಬರೀ ಆರೇಳು ಸಾವಿರ ಇದ್ದಿದ್ದರೆ ಕಣ್ಣುಮುಚ್ಚಿ ಹೊಸದೇ ಕೊಡಿಸುತ್ತಿದ್ದೆ.

ಆದರೆ ಈ ಲೆಕ್ಕ ನಿಲ್ಲೋದು ಉಳಿದ ದುಡ್ಡು ಉಳಿದಿದ್ದರೆ ಮಾತ್ರ. ಅದರಲ್ಲಿ ಹೆಡ್‌ಫೋನ್ ತಗೊಂಡು, ಸೆಮಿಸ್ಟರ್ ಮಧ್ಯೆ ಬೋರ್ಡ್ ಹೋದರೆ ಕೈಯಲ್ಲಿ ಏನೂ ಇರಲ್ಲ. ಚಿಕ್ಕಮ್ಮನಿಗೆ ಇದನ್ನೇ ಹೇಳಿದೆ. "ಹಂಗಾದ್ರೆ ಆ ದುಡ್ಡು ನನ್ನ ಹತ್ರಾನೇ ಇರ್ಲಿ, ಅವನ ಕೈಗೆ ಕೊಡಲ್ಲ" ಅಂದರು. ಸೀರಿಯಲ್ ನಂಬರ್ ಮತ್ತು ವಾರಂಟಿ ಬರೆಸಿದ ಜಿಎಸ್‌ಟಿ ಬಿಲ್ ಹಿಡಿದು ಹಳೇದನ್ನೇ ತಂದೆವು.

ಈಗ ಅವನಿಗೆ ರಿಫರ್ಬಿಶ್ಡ್ ಫೋನೂ ಬೇಕಂತೆ. ಅದಕ್ಕೆ ನಾನು ಬೇಡ ಅಂದಿದ್ದೀನಿ. ಫೋನಿನ ಬ್ಯಾಟರಿಗೆ ಅಂಟು ಹಾಕಿರ್ತಾರೆ, ಒಮ್ಮೆ ಬಿಚ್ಚಿದರೆ ನೀರು ತಡೆಯೋ ಸೀಲ್ ಮೊದಲಿನಂತೆ ಇರುತ್ತೆ ಅನ್ನೋ ಭರವಸೆ ಇಲ್ಲ, ಸೆಕ್ಯೂರಿಟಿ ಅಪ್‌ಡೇಟ್ ನಿಂತ ಮೇಲೆ ಲಿನಕ್ಸ್ ಹಾಕ್ಕೊಂಡು ಓಡಿಸ್ತೀನಿ ಅನ್ನೋ ದಾರಿಯೂ ಸುಲಭಕ್ಕೆ ಸಿಗಲ್ಲ. ಅವನಿನ್ನೂ ಒಪ್ಪಿಲ್ಲ.