ಒಪ್ಪಿಗೆಯಲ್ಲ, ಪಾಠಾಂತರ

ಕ್ಷೇತ್ರಕಾರ್ಯದ ಪ್ರಬಂಧಗಳಲ್ಲಿ ಈಚೆಗೆ ಒಂದು ವಾಕ್ಯ ತಪ್ಪದೆ ಕಾಣಿಸುತ್ತದೆ: ‘ಬರೆದುಕೊಂಡದ್ದನ್ನು ವಕ್ತೃಗಳಿಗೆ ಓದಿ ಹೇಳಿ ಒಪ್ಪಿಗೆ ಪಡೆಯಲಾಗಿದೆ.’ ಲಿಂಕನ್ ಮತ್ತು ಗೂಬಾ 1985ರ ತಮ್ಮ ಗ್ರಂಥದಲ್ಲಿ ವಿಶ್ವಾಸಾರ್ಹತೆಗೆ ಅತ್ಯಂತ ನಿರ್ಣಾಯಕವೆಂದು ಕರೆದ ಸದಸ್ಯ ಪರಿಶೀಲನೆ ಇದೇ. ಆದರೆ ಎಲ್ಲರೂ ಎಲ್ಲವನ್ನೂ ಒಪ್ಪಿದರೆಂದು ಓದಿದಾಗ ನನಗೆ ಸಂಶಯವೇ ಹೆಚ್ಚುತ್ತದೆ.

ವಳಕಮದಿನ್ನಿಯ ಸುತ್ತಿನ ಒಂದು ಊರಿನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಬೀಸುಕಲ್ಲಿನ ಪದಗಳನ್ನು ಸಂಗ್ರಹಿಸುತ್ತಿದ್ದಳು. ಒಬ್ಬ ಹಿರಿಯಳು ಹಾಡಿದ್ದನ್ನು ಬರೆದು, ಮತ್ತೊಂದು ದಿನ ಹೋಗಿ ಓದಿದಳು. ಒಂದು ನುಡಿ ಬಂದೊಡನೆ ಆಕೆ, “ಅದು ನಂದಲ್ಲ ಬಿಡವ್ವ, ಯಾರೋ ಹಾಡ್ತಿದ್ರು” ಎಂದಳು. ವಿದ್ಯಾರ್ಥಿನಿ ಆ ನುಡಿಯನ್ನು ಹೊಡೆದು ಹಾಕಲು ಹೊರಟಿದ್ದಳು. ನಾನು ಆಕೆಯ ದಿನಚರಿ ಕೇಳಿದೆ. ಮೊದಲ ದಿನ ಬೀಸುಕಲ್ಲಿನ ಬಳಿ ಹೆಂಗಸರಷ್ಟೇ ಇದ್ದರು. ಎರಡನೆಯ ದಿನ ಪಡಸಾಲೆಯಲ್ಲಿ ತವರಿನ ಕಡೆಯ ಗಂಡಸೊಬ್ಬರು ಕುಳಿತಿದ್ದರು. ಇದನ್ನು ಆಕೆ ಬರೆದಿಟ್ಟಿದ್ದಳು, ಆದರೆ ತಿದ್ದುಪಡಿಯೊಡನೆ ಕೂಡಿಸಿ ಓದಿರಲಿಲ್ಲ. ಮೂರನೆಯ ಸಲ ಹೊಲದಲ್ಲಿ ಒಬ್ಬಳೇ ಸಿಕ್ಕಾಗ ಹಿರಿಯಳು, “ಹಾಡಿದ್ದು ನಾನೇ. ಪುಸ್ತಕದಾಗ ಹಾಕಬ್ಯಾಡ ತಂಗಿ” ಎಂದಳಂತೆ.

ಗ್ರಂಥಸಂಪಾದನೆಯನ್ನು ಓದಿದವರಿಗೆ ಇಲ್ಲಿ ದಾರಿ ಹೊಸದೇನಲ್ಲ. ಓಲೆಪ್ರತಿಗಳು ಭಿನ್ನವಾದಾಗ ಸಂಪಾದಕನು ಒಂದನ್ನು ಸ್ವೀಕರಿಸಿ ಉಳಿದುದನ್ನು ಸುಟ್ಟುಬಿಡುವುದಿಲ್ಲ. ಪಾಠಾಂತರವೆಂದು ಅಡಿಯಲ್ಲಿ ಕೊಡುತ್ತಾನೆ. ವಕ್ತೃವಿನ ಎರಡನೆಯ ಮಾತೂ ಹಾಗೆಯೇ ಒಂದು ಪಾಠ; ಮೊದಲನೆಯದನ್ನು ಅದು ತಾನಾಗಿ ರದ್ದುಮಾಡದು. ಯಾವ ದಿನ, ಯಾರ ಎದುರು, ಯಾವ ಪ್ರಶ್ನೆಗೆ ಬಂದ ಮಾತು ಎಂಬುದು ಮೂಲ ಬರಹದ ಪಕ್ಕದಲ್ಲಿರಬೇಕು. ತೀರ್ಮಾನ ಬದಲಾದರೆ ಹಳೆಯದನ್ನು ಅಳಿಸದೆ, ಬದಲಿಸಿದ ಕಾರಣವನ್ನೂ ದಿನಾಂಕವನ್ನೂ ಬರೆಯಬೇಕು. ಆಡಿಟ್ ಟ್ರೇಲ್ ಎಂಬ ದೊಡ್ಡ ಹೆಸರಿನ ಕೆಲಸ ಬಹುಮಟ್ಟಿಗೆ ಇಷ್ಟೇ.

ಈ ಜಾಡಿಗೂ ಮಿತಿಯುಂಟು. ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ರಾಂಪುರದಲ್ಲಿ ಮಾಡಿದ ಕ್ಷೇತ್ರಕಾರ್ಯದ ಸಂಸ್ಕರಿಸಿದ ಟಿಪ್ಪಣಿಗಳು 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸಿಕ್ಕವು. 1976ರಲ್ಲಿ ಪ್ರಕಟವಾದ ಗ್ರಂಥವನ್ನು ಅವರು ಮುಖ್ಯವಾಗಿ ನೆನಪಿನಿಂದ ಬರೆದರು. ಆದರೂ ನಾವು ಅದನ್ನು ಎಚ್ಚರದಿಂದ ಓದಬಲ್ಲೆವು. ಏಕೆಂದರೆ ಊರಿನವರು ತಮ್ಮನ್ನು ಬ್ರಾಹ್ಮಣನಾಗಿಯೇ ಇರಿಸಿದರೆಂದೂ, ತಮ್ಮ ನೋಟ ಮೇಲ್ಜಾತಿಯವರ ಕಡೆಯಿಂದ ಬಂದುದೆಂದೂ ಅವರೇ ಹೇಳಿದ್ದಾರೆ. ಲೇಖಕನು ನಿಂತ ನೆಲೆ ತಿಳಿದಾಗ, ದಲಿತ ಕೇರಿಯ ಬಗ್ಗೆ ಆ ಪುಟಗಳು ಎಲ್ಲಿ ತೆಳುವಾಗಿವೆಯೆಂದು ಓದುಗನು ಹುಡುಕಬಹುದು. ಟಿಪ್ಪಣಿಗಳೆಲ್ಲ ಭದ್ರವಾಗಿದ್ದು ಈ ಮಾತು ಇಲ್ಲದಿದ್ದರೆ ಅಷ್ಟು ಸಾಧ್ಯವಾಗುತ್ತಿರಲಿಲ್ಲ.

ನಮ್ಮ ವಿದ್ಯಾರ್ಥಿನಿಯ ಪ್ರಬಂಧದಲ್ಲಿ ಆ ನುಡಿ ಇಲ್ಲ. ಅದರ ಜಾಗದಲ್ಲಿ ‘ಹಾಡುಗಾರ್ತಿಯ ಇಚ್ಛೆಯಂತೆ ಒಂದು ನುಡಿಯನ್ನು ಬಿಡಲಾಗಿದೆ’ ಎಂಬ ಸೂಚನೆಯಿದೆ. ಪರೀಕ್ಷಕರು ನುಡಿಯನ್ನು ತೋರಿಸಿರೆಂದರು. ಮೂರು ಭೇಟಿಗಳ ಟಿಪ್ಪಣಿ ತೋರಿಸಿದೆವು, ನುಡಿಯನ್ನು ತೋರಿಸಲಿಲ್ಲ.