ತಾಟಿನಲ್ಲಿ ಕಾಣದ ಎಣ್ಣೆಯ ಲೆಕ್ಕ

ಅಕ್ಕಲಕೋಟೆಯ ಪೇಟೆಯಲ್ಲಿ ನಲವತ್ತು ವರ್ಷ ಕಿರಾಣಿ ವ್ಯಾಪಾರ ಮಾಡಿಕೊಂಡು ಬಂದವನು ನಾನು. ಓದು ಮ್ಯಾಟ್ರಿಕ್‌ವರೆಗೆ ಮಾತ್ರ. ಆದ್ದರಿಂದ ವೈದ್ಯಶಾಸ್ತ್ರದ ಮಾತು ನನ್ನದಲ್ಲ. ತೂಕ ಮತ್ತು ಲೆಕ್ಕ ಇವೆರಡು ನನಗೆ ಗೊತ್ತು. ಆ ಎರಡರಿಂದಲೇ ತಿಳಿದುಕೊಂಡ ಒಂದು ಸಂಗತಿಯನ್ನು ನಮ್ಮ ವಾಚಕ ಬಂಧುಗಳ ಮುಂದೆ, ವಿಶೇಷವಾಗಿ ಅಡಿಗೆಮನೆಯ ಹೊಣೆ ಹೊತ್ತ ತಾಯಂದಿರ ಮುಂದೆ ಇಡುತ್ತಿದ್ದೇನೆ.

ಅಂಗಡಿಗೆ ಬರುವ ಗಿರಾಕಿಗಳನ್ನು ನೋಡುತ್ತಿರುತ್ತೇನೆ. ಸಕ್ಕರೆ ಕಾಯಿಲೆ ಬಂದವರು ಸಕ್ಕರೆ ತೂಗಿಸುವಾಗ ಹಿಂದೆ ಮುಂದೆ ನೋಡುತ್ತಾರೆ. ಮೈ ಬಂದವರು ಅಕ್ಕಿ ಕಡಿಮೆ ಮಾಡುತ್ತಾರೆ. ಎಣ್ಣೆಯ ಡಬ್ಬಿಗೆ ಮಾತ್ರ ದರ ಕೇಳುತ್ತಾರೆಯೇ ಹೊರತು, ಇದು ಎಷ್ಟು ದಿನಕ್ಕೆ ಮುಗಿಯುತ್ತದೆ ಎಂದು ಯಾರೂ ಎಣಿಸುವುದಿಲ್ಲ. ರೊಟ್ಟಿ ಎಣಿಸಬಹುದು, ಅನ್ನ ಕಣ್ಣಿಗೆ ಕಾಣುತ್ತದೆ. ಎಣ್ಣೆಯಾದರೋ ಪಲ್ಯದಲ್ಲಿ, ಚಪಾತಿಯ ಪದರಿನಲ್ಲಿ, ಚಕ್ಕಲಿಯ ಒಳಗೆ ಸೇರಿ ಕಾಣದಂತಾಗುತ್ತದೆ.

ನನ್ನ ತಮ್ಮನ ಮನೆಯ ಉದಾಹರಣೆ ಹೇಳುತ್ತೇನೆ. ಅವನಿಗೆ ಐವತ್ತೆಂಟು ವರ್ಷ. ಗಾದಿಯ ಮೇಲೆ ಕುಳಿತು ಮಾಡುವ ವ್ಯಾಪಾರ. ಸಕ್ಕರೆ ಕಾಯಿಲೆ ಕಾಣಿಸಿತು, ಮೊಣಕಾಲು ನೋವು ಶುರುವಾಯಿತು. ತೂಕ ಇಳಿಯದಿದ್ದರೆ ಗುಳಿಗೆ ಹೆಚ್ಚಿಸಬೇಕಾಗುತ್ತದೆ ಎಂದು ಡಾಕ್ಟರರು ಹೇಳಿದರು. ಅವನು ನಿಷ್ಠೆಯ ಮನುಷ್ಯ. ಅಂದಿನಿಂದಲೇ ದಿನಕ್ಕೆ ಎರಡು ಜೋಳದ ರೊಟ್ಟಿ ಬಿಟ್ಟ. ಮೂರು ತಿಂಗಳಾದರೂ ತೂಕ ಒಂದು ಕಿಲೋ ಕೂಡ ಇಳಿಯಲಿಲ್ಲ. "ಅಣ್ಣಾ, ಹೊಟ್ಟಿ ಕಟ್ಟಿದ್ರೂ ಮೈ ಕರಗವಲ್ದು, ಇದು ನನ್ನ ಕರ್ಮ" ಎಂದು ಬೇಸರಪಟ್ಟುಕೊಂಡ. ಕರ್ಮದ ಮಾತು ಆಮೇಲೆ ನೋಡೋಣ, ಮೊದಲು ಕೀರ್ದಿ ತೆಗೆಯೋಣ ಎಂದೆ.

ಅರವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 200 ಕ್ಯಾಲರಿ. ಎರಡು ಬಿಟ್ಟರೆ 400 ಉಳಿಯಬೇಕು. ಆದರೆ ರೊಟ್ಟಿ ಕಡಿಮೆಯಾದ ಮೇಲೆ ಮಧ್ಯಾಹ್ನ ನಾಲ್ಕು ಗಂಟೆಗೆ ಹಸಿವಾಗುತ್ತಿತ್ತು. ಆಗ ಅಂಗಡಿಯಲ್ಲಿಯೇ ಒಂದು ಹಿಡಿ ಶೇವು-ಚೂಡಾ ತಿನ್ನುತ್ತಿದ್ದ. ತೂಗಿ ನೋಡಿದರೆ ಅದು 50 ಗ್ರಾಂ, ಅಂದರೆ ಸುಮಾರು 270 ಕ್ಯಾಲರಿ. ಊಟದಲ್ಲಿ ಶೇಂಗಾ ಚಟ್ನಿ ಎರಡು ಚಮಚ ಹೆಚ್ಚಾಗಿತ್ತು, ಅದರ ಮೇಲೆ ಎರಡು ಚಮಚ ಹಸಿ ಎಣ್ಣೆ. ಇವೆರಡೂ ಸೇರಿ 130 ಕ್ಯಾಲರಿ. ಬಿಟ್ಟದ್ದು 400, ಸೇರಿದ್ದೂ 400. ಜಮಾ-ಖರ್ಚು ಸರಿಹೋಯಿತು, ತೂಕ ಇಳಿಯುವುದಾದರೂ ಹೇಗೆ?

ಇದರ ಮೂಲ ಒಂದೇ ಸಂಗತಿಯಲ್ಲಿದೆ. ಜೋಳವಿರಲಿ, ಸಕ್ಕರೆಯಿರಲಿ, ಅದರ ಪಿಷ್ಟ-ಸಿಹಿಯ ಒಂದು ಗ್ರಾಂ ನಮಗೆ 4 ಕ್ಯಾಲರಿ ಕೊಡುತ್ತದೆ. ಒಂದು ಗ್ರಾಂ ಎಣ್ಣೆ 9 ಕೊಡುತ್ತದೆ. ಚಹದ ಚಮಚದಷ್ಟು ಎಣ್ಣೆ ನಾಲ್ಕೂವರೆ ಗ್ರಾಂ ತೂಗುತ್ತದೆ, ಅಷ್ಟರಲ್ಲೇ 40 ಕ್ಯಾಲರಿ ಇದೆ. ಶೇಂಗಾ, ಕುಸುಬಿ, ಸೂರ್ಯಕಾಂತಿ, ಯಾವ ಎಣ್ಣೆಯಾದರೂ ಈ ಲೆಕ್ಕದಲ್ಲಿ ಭೇದವಿಲ್ಲ. ಪಾಕೀಟಿನ ಮೇಲೆ 'ಕೊಲೆಸ್ಟರಾಲ್ ಇಲ್ಲ' ಎಂದು ಬರೆದಿರುವುದು ಸುಳ್ಳಲ್ಲ; ಗಿಡದ ಕಾಳಿನ ಯಾವ ಎಣ್ಣೆಯಲ್ಲಿಯೂ ಅದು ಇರುವುದಿಲ್ಲ. ಆದರೆ ಅದನ್ನು ಓದಿ ಕೈ ಸಡಿಲ ಬಿಟ್ಟರೆ ಕ್ಯಾಲರಿ ಕಡಿಮೆಯಾಗುವುದಿಲ್ಲ.

ತಮ್ಮನ ಮನೆಯ ಪೂರ್ತಿ ಲೆಕ್ಕವನ್ನೂ ತೆಗೆದೆವು. ಗಂಡ-ಹೆಂಡತಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಒಟ್ಟು ಆರು ಜನ. 15 ಕಿಲೋದ ಒಂದು ಡಬ್ಬಿ ಎರಡು ತಿಂಗಳಿಗೆ ಮುಗಿಯುತ್ತಿತ್ತು. 15,000 ಗ್ರಾಮನ್ನು 60 ದಿನಕ್ಕೆ ಹಂಚಿದರೆ ದಿನಕ್ಕೆ 250, ಆರು ಜನಕ್ಕೆ ಹಂಚಿದರೆ ತಲೆಗೆ 42 ಗ್ರಾಂ. ದೇವರ ದೀಪದ ತುಪ್ಪ ಬಿಟ್ಟು ಊಟಕ್ಕೆ ತಿಂಗಳಿಗೆ ಒಂದೂವರೆ ಕಿಲೋ ತುಪ್ಪ. ಅದು ತಲೆಗೆ 8 ಗ್ರಾಂ. ಪೇಟೆಯಿಂದ ತರುವ ಶೇವು-ಚೂಡಾ ತಿಂಗಳಿಗೆ ಮೂರು ಕಿಲೋ. ಅದರಲ್ಲಿ ಮೂರರಲ್ಲೊಂದು ಪಾಲು ಎಣ್ಣೆಯೆಂದು ಹಿಡಿದರೆ ತಲೆಗೆ ಇನ್ನೂ ಐದೂವರೆ ಗ್ರಾಂ. ಎಲ್ಲ ಕೂಡಿದರೆ 55 ಗ್ರಾಂ ದಾಟಿತು. ಅಂದರೆ ಪ್ರತಿಯೊಬ್ಬರ ಹೊಟ್ಟೆಗೆ ದಿನವೂ ಕಾಣದಂತೆ ಸುಮಾರು 500 ಕ್ಯಾಲರಿ. ಕುಳಿತು ಕೆಲಸ ಮಾಡುವ ಗಂಡಸಿಗೆ ಎಣ್ಣೆ-ತುಪ್ಪ ಸೇರಿ ದಿನಕ್ಕೆ ಸುಮಾರು 25 ಗ್ರಾಂ, ಹೆಂಗಸಿಗೆ 20 ಗ್ರಾಂ ಸಾಕೆಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ಕೊಟ್ಟಿದ್ದ ಸಲಹೆ.

ನಿಮ್ಮ ಮನೆಯಲ್ಲಿ ಈ ಲೆಕ್ಕ ಮಾಡುವಾಗ ಒಂದು ಎಚ್ಚರ ಬೇಕು. ಡಬ್ಬಿಯ ಮೇಲೆ ಕಿಲೋ ಇದೆಯೋ ಲೀಟರ್ ಇದೆಯೋ ನೋಡಿಕೊಳ್ಳಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. 15 ಲೀಟರ್ ಡಬ್ಬಿಯಲ್ಲಿ ಹದಿಮೂರೂವರೆ ಕಿಲೋ ಮೇಲೆ ಸ್ವಲ್ಪ ಮಾತ್ರ ಇರುತ್ತದೆ. ಕರಿದು ಚೆಲ್ಲಿದ ಎಣ್ಣೆಯನ್ನು ಕಳೆಯಿರಿ. ಬಂದು ಹೋಗುವ ಬೀಗರು ಉಂಡದ್ದನ್ನೂ ಅಂದಾಜಿನಲ್ಲಿ ಕಳೆಯಿರಿ. ಹೊರಗೆ ತಿಂದ ಭಜಿ ಈ ಲೆಕ್ಕಕ್ಕೆ ಬರುವುದಿಲ್ಲವೆಂಬುದೂ ನೆನಪಿರಲಿ.

ಇನ್ನು ಆ ದಿನದ 250 ಗ್ರಾಂ ಹೋಗುತ್ತಿದ್ದದ್ದು ಎಲ್ಲಿಗೆ? ಒಂದು ವಾರ ಸೊಸೆಯೇ ತೂಗಿ ಬರೆದಳು. ಎರಡು ಹೊತ್ತಿನ ಪಲ್ಯ, ಸಾರುಗಳ ಒಗ್ಗರಣೆಗೆ 100 ಗ್ರಾಂ. ಹದಿನೆಂಟು ಚಪಾತಿಗೆ ಒಳಗೊಂದಿಷ್ಟು, ಮೇಲೊಂದಿಷ್ಟು ಎಂದು 80 ಗ್ರಾಂ. ವಾರಕ್ಕೊಮ್ಮೆ ಕರಿಯುವುದರ ದಿನದ ಪಾಲು 70 ಗ್ರಾಂ. ಎಲ್ಲಿಯೂ ದುಂದು ಎನ್ನುವಂಥದ್ದಿಲ್ಲ. ಹನಿ ಹನಿಯಾಗಿಯೇ ಡಬ್ಬಿ ಬರಿದಾಗುತ್ತಿತ್ತು.

ಕರಿದ ತಿಂಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೋದ ದೀಪಾವಳಿಗೆ ನಮ್ಮ ಮನೆಯಲ್ಲಿ ಒಂದು ಕಿಲೋ ಹಿಟ್ಟಿನ ಚಕ್ಕಲಿ ಮಾಡಿದಾಗ ಬಾಣಲೆಯ ಎಣ್ಣೆಯನ್ನು ಮೊದಲೂ ಕೊನೆಗೂ ತೂಗಿದೆವು. ಹಾಕಿದ್ದು ಎರಡು ಕಿಲೋ, ಉಳಿದದ್ದು 1 ಕಿಲೋ 550 ಗ್ರಾಂ. ಹಿಟ್ಟು ಕಲಸುವಾಗ ಹಾಕಿದ ಬಿಸಿ ಎಣ್ಣೆ ಬೇರೆ 100 ಗ್ರಾಂ. ಒಟ್ಟು 550 ಗ್ರಾಂ ಹೋಯಿತು. ಜಾಲರಿಗೆ, ತಟ್ಟೆಗೆ ಹತ್ತಿದ್ದು ಇಪ್ಪತ್ತು ಮೂವತ್ತು ಗ್ರಾಂ ಇದ್ದೀತು. ಸಿದ್ಧವಾದ ಚಕ್ಕಲಿಯ ತೂಕ ಒಂದೂವರೆ ಕಿಲೋ. ಅಂದರೆ ಮೂರರಲ್ಲೊಂದು ಪಾಲು ಎಣ್ಣೆಯೇ! 20 ಗ್ರಾಮಿನ ಒಂದು ಚಕ್ಕಲಿಯಲ್ಲಿ 7 ಗ್ರಾಂ. ನಾಲ್ಕು ತಿಂದರೆ ಒಬ್ಬರ ಇಡೀ ದಿನದ ಪಾಲು ಮುಗಿಯಿತು. ಊಟ ಇನ್ನೂ ಆಗಿಯೇ ಇಲ್ಲ.

ಚಕ್ಕಲಿ ಎಣ್ಣೆ ಹೀರುವ ಬಗೆ ಹೀಗಿದೆ. ಬಾಣಲೆಗೆ ಬಿಟ್ಟ ಕೂಡಲೇ ಹಿಟ್ಟಿನೊಳಗಿನ ನೀರು ಆವಿಯಾಗಿ ಗುಳ್ಳೆಗಳಾಗಿ ಹೊರಬರುತ್ತದೆ. ಗುಳ್ಳೆ ಜೋರಾಗಿ ಏಳುವವರೆಗೆ ಆ ಆವಿಯೇ ಎಣ್ಣೆಯನ್ನು ಹೊರಗೆ ತಡೆಯುತ್ತದೆ. ನೀರು ಹೋದ ಜಾಗ ಸಣ್ಣ ಸಣ್ಣ ತೂತುಗಳಾಗಿ ಉಳಿಯುತ್ತದೆ. ಹೊರತೆಗೆದು ಆರುವಾಗ ಮೇಲೆ ಹತ್ತಿದ ಎಣ್ಣೆ ಆ ತೂತುಗಳೊಳಗೆ ಇಳಿಯುತ್ತದೆ. ಹೆಚ್ಚಿನ ಎಣ್ಣೆ ಸೇರುವುದು ಹೀಗೆ ಒಲೆಯಿಂದ ಇಳಿದ ಮೇಲೆಯೇ. ಆದ್ದರಿಂದ ಆರಿದ ಮೇಲೆ ಕಾಗದಕ್ಕೆ ಒತ್ತಿ ಉಪಯೋಗವಿಲ್ಲ. ಜಾಲರಿಯನ್ನು ಬಾಣಲೆಯ ಮೇಲೆಯೇ ಹಿಡಿದು, ಬಿಸಿ ಇರುವಾಗಲೇ ಝಾಡಿಸಿ ಸೋರಿಸಬೇಕು. ಎಣ್ಣೆ ಸಾಕಷ್ಟು ಕಾಯದಿದ್ದರೆ, ಒಂದೇ ಸಲ ಬಾಣಲೆ ತುಂಬ ಬಿಟ್ಟರೆ, ಕರಿಯುವ ಹೊತ್ತು ಹೆಚ್ಚಾಗಿ ತಿಂಡಿ ಎಣ್ಣೆಗುಟ್ಟುತ್ತದೆ. ಶೇವಿನಂಥ ತೆಳುವಾದ ತಿಂಡಿಗೆ ಮೈ ಹೆಚ್ಚು, ಹೀರುವುದೂ ಹೆಚ್ಚು. ಇಷ್ಟೆಲ್ಲ ಜೋಪಾನ ಮಾಡಿದರೂ ಸ್ವಲ್ಪ ಉಳಿತಾಯವಾಗಬಹುದೇ ಹೊರತು ಕರಿದದ್ದು ಕರಿದದ್ದೇ.

ನಮ್ಮ ಮನೆತನಗಳಲ್ಲಿ ಇನ್ನೊಂದು ದಾರಿಯಿಂದಲೂ ಎಣ್ಣೆ ಬರುತ್ತದೆ. ಅಷ್ಟಮಿ, ಚತುರ್ದಶಿಗೆ ಹಸಿರು ಕಾಯಿಪಲ್ಯ ಬಿಡುತ್ತೇವೆ. ಆ ಜಾಗಕ್ಕೆ ಹಪ್ಪಳ, ಸಂಡಿಗೆ, ಕಡಲೆಹಿಟ್ಟಿನ ಭಜಿ ಬರುತ್ತವೆ. ರಸತ್ಯಾಗದ ನೇಮದಲ್ಲಿ ಎಣ್ಣೆ ಬಿಟ್ಟ ದಿನ ತುಪ್ಪದ ಒಗ್ಗರಣೆ, ತುಪ್ಪ ಬಿಟ್ಟ ದಿನ ಎಣ್ಣೆಯ ಒಗ್ಗರಣೆ. ನೇಮಕ್ಕೆ ಭಂಗವಿಲ್ಲ, ನಿಜ. ಆದರೆ ಮನೆಯಲ್ಲೇ ಕಾಸಿದ ಶುದ್ಧ ತುಪ್ಪವೂ ಗ್ರಾಮಿಗೆ 9 ಕ್ಯಾಲರಿಯೇ. ಅಂಥ ದಿನ ಬೇಯಿಸಿದ ಹೆಸರುಬೇಳೆ, ಸುಟ್ಟ ಹಪ್ಪಳ, ಮಜ್ಜಿಗೆ ಇಟ್ಟುಕೊಂಡರೆ ನೇಮವೂ ನಡೆಯುತ್ತದೆ, ಮೈಯೂ ಹಗುರವಾಗುತ್ತದೆ.

ತಮ್ಮನ ಹೆಂಡತಿಗೆ ಈ ಅಳತೆಯ ಮಾತು ಮೊದಲು ಹಿಡಿಸಲಿಲ್ಲ. "ಭಾವಾರ, ಎಣ್ಣಿ ತೂಗಿ ಅಡಗಿ ಮಾಡೂವಷ್ಟು ಬಡತನ ನಮ್ಮ ಮನಿಗೆ ಬಂತೇನ್ರಿ? ಬಂದ ಬೀಗರು ಏನಂದಾರು?" ಎಂದಳು. ಅವಳ ಮಾತಿನಲ್ಲೂ ನ್ಯಾಯವಿತ್ತು. ನಮ್ಮ ಕಡೆ ಪಲ್ಯದ ಮೇಲೆ ಎಣ್ಣೆ ತೇಲಿದರೇ ಮರ್ಯಾದೆ. ನಾನು, "ಅವ್ವಾ, ಬೀಗರು ಬಂದಾಗ ನಿನ್ನ ಕೈಯಂತೆ ಮಾಡು. ಉಳಿದ ದಿನ ಇವನ ಮೊಣಕಾಲಿನ ಸಲುವಾಗಿ ಮಾಡು" ಎಂದೆ. ಒಪ್ಪಿದಳು.

ಮಾಡಿದ್ದು ಇಷ್ಟೇ. ಮುಂಜಾನೆ ಒಂದು ವಾಟಗಾದಲ್ಲಿ ತಲೆಗೆ 20 ಗ್ರಾಮಿನಂತೆ 120 ಗ್ರಾಂ ಎಣ್ಣೆ ತೂಗಿ ತೆಗೆದಿಡುವುದು. ಆ ದಿನದ ಒಗ್ಗರಣೆ, ಚಪಾತಿ ಎಲ್ಲ ಅದರಲ್ಲೇ. ದೊಡ್ಡವರಿಗೆ ಊಟದಲ್ಲಿ ಒಂದು ಚಮಚ ತುಪ್ಪ. ಬೆಳೆಯುವ ಮಕ್ಕಳಿಗೆ ಹೆಚ್ಚು ಬೇಕಾದ್ದರಿಂದ ಎರಡು ಚಮಚ. ನಾಲ್ಕು ಗಂಟೆಯ ಶೇವು-ಚೂಡಾ ಹೋಗಿ ಹುರಿಗಡಲೆ, ಚುರಮುರಿ ಬಂತು. ತಮ್ಮ ಬಿಟ್ಟ ಎರಡು ರೊಟ್ಟಿಯಲ್ಲಿ ಒಂದನ್ನು ಮತ್ತೆ ಉಣ್ಣತೊಡಗಿದ. ಆ ಡಬ್ಬಿ ಮೂರೂವರೆ ತಿಂಗಳು ಬಂತು. ಐದು ತಿಂಗಳಲ್ಲಿ ಅವನ ತೂಕ ಮೂರು ಕಿಲೋ ಇಳಿಯಿತು. ಡಾಕ್ಟರರು ಗುಳಿಗೆ ಹೆಚ್ಚಿಸಲಿಲ್ಲ, ಬಿಡಿಸಲೂ ಇಲ್ಲ. ಎಣ್ಣೆಯ ಅಳತೆ ಔಷಧಕ್ಕೆ ಬದಲಲ್ಲ ಎಂಬುದೂ ತಿಳಿದಿರಲಿ.

ಎಣ್ಣೆಯನ್ನು ಪೂರ್ತಿ ಬಿಡಬೇಕೆಂದು ಯಾರೂ ತಿಳಿಯಬಾರದು. ಎ, ಡಿ, ಇ, ಕೆ ಜೀವಸತ್ವಗಳು ಮೈಗೆ ಹತ್ತಬೇಕಾದರೆ ಜಿಡ್ಡು ಬೇಕೇ ಬೇಕು. ಸಣ್ಣ ಮಕ್ಕಳಿಗೆ, ಬಡಕಲಾದ ಮುದುಕರಿಗೆ ತುಪ್ಪ ಕಡಿತ ಮಾಡುವುದು ಸಲ್ಲದು.

ಮುಂದಿನ ಡಬ್ಬಿ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಮುಗಿದ ದಿನ ಗ್ರಾಮನ್ನು ದಿನಗಳಿಂದ ಭಾಗಿಸಿ, ಬಂದದ್ದನ್ನು ಉಣ್ಣುವ ತಲೆಗಳಿಂದ ಭಾಗಿಸಿ. ಎಣ್ಣೆ ಮಾರುವವನೇ ಇದನ್ನು ಹೇಳುತ್ತಿದ್ದಾನಲ್ಲ ಎಂದು ನಗಬೇಡಿ. ಗಿರಾಕಿ ಗಟ್ಟಿಯಾಗಿದ್ದರೆ ಅಂಗಡಿಯೂ ಬಹಳ ದಿನ ನಡೆಯುತ್ತದೆ.