ರೆಸ್ಯೂಮೆಯಲ್ಲಿ ಇಲ್ಲದ್ದು

ಬಹಳ ದಿನ ಆಯ್ತು ಇತ್ತ ತಲೆ ಹಾಕಿ. ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮದು ರಾಯಬಾಗ ತಾಲೂಕು, ಕಾಕಾನ ಮನೆ ಇರೋದು ಅಥಣಿ ಕಡೆ. ಹಬ್ಬದ ಮರುದಿನ ಅಲ್ಲಿಗೆ ಹೋದ್ರೆ ಕಾಕಾನ ಮಗ ಫರಾಳದ ತಾಟಿನ ಜೊತೆಗೇ ಲ್ಯಾಪ್‌ಟಾಪನ್ನೂ ತಂದು ನನ್ನ ಮುಂದೆ ಇಟ್ಟ.

"ಅಣ್ಣಾ, ನಲವತ್ತು ಕಡೆ ಕಳಿಸೀನಿ. ಒಬ್ರೂ ಉತ್ತರಾ ಕೊಡವಲ್ರು. ಒಂದ್ಸಲ ನೋಡಲಾ."

ಹುಡುಗ ಬಿ.ಇ. ಮುಗಿಸಿ ಒಂದೂವರೆ ವರ್ಷ. ಈಗ ಅರ್ಜಿ ಹಾಕ್ತಾ ಇದ್ದದ್ದು ಸಕ್ಕರೆ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡೋ ಒಂದು ಸಣ್ಣ ಕಂಪನಿಗೆ. ಆಫೀಸು ಗಡಿಯ ಆಚೆ, ಗಿರಾಕಿಗಳು ಎರಡೂ ಕಡೆ. ಕಬ್ಬಿನ ಸೀಜನ್ನಿನಲ್ಲಿ ಕಾರ್ಖಾನೆಗೇ ಹೋಗಿ ಕಾಟಾ ಸಾಫ್ಟ್‌ವೇರ್ ನೋಡಿಕೊಳ್ಳೋ ಹುಡುಗ ಬೇಕು ಅಂತ ಜಾಹೀರಾತು. ರಾತ್ರಿ ಪಾಳಿ ಇರುತ್ತೆ ಅಂತಲೂ ಬರೆದಿದ್ರು. (ಕಾಟಾ ಅಂದ್ರೆ ನಮ್ಮ ಕಡೆ ಗಾಡಿ ತೂಗೋ ವೇಬ್ರಿಜ್. ಕಾಟ ಕೊಡೋದು ಅಂತ ಓದ್ಕೋಬೇಡಿ :) )

ಅವನ ಈಮೇಲ್ ಓದಿದೆ. ಹದಿನಾಲ್ಕು ವಾಕ್ಯ. ನಮ್ಮ ಆಫೀಸಿನಲ್ಲಿ ಎರಡು ವರ್ಷದಿಂದ ಹೊಸಬರ ಅರ್ಜಿ ಮೊದಲು ನೋಡೋ ಕೆಲಸ ನನ್ನ ತಲೆಗೇ ಬಿದ್ದಿದೆ, ಹಾಗಾಗಿ ಇಂಥವು ನೂರಾರು ನೋಡಿದ್ದೇನೆ. ಒಂದು ಆಟ ಆಡೋಣ ಅಂದೆ. ಪಕ್ಕದಲ್ಲಿ ರೆಸ್ಯೂಮೆ ತೆರೆದಿಟ್ಕೋ, ಅದರಲ್ಲಿ ಆಗಲೇ ಇರೋ ಮಾತು ಈಮೇಲ್‌ನಲ್ಲಿ ಕಂಡ್ರೆ ಹೊಡೆದು ಹಾಕು.

ಡಿಗ್ರಿ ಹೋಯ್ತು. ಶೇಕಡಾವಾರು ಅಂಕ ಹೋಯ್ತು. ಜಾವಾ, ಪೈಥಾನ್ ಹೋದವು. ಫೈನಲ್ ಇಯರ್ ಪ್ರಾಜೆಕ್ಟ್ ಹೋಯ್ತು. "ಶ್ರಮಜೀವಿ, ಬೇಗ ಕಲಿಯುವವನು" ಅನ್ನೋದೂ ಅಲ್ಲಿ ಇತ್ತು, ಹೋಯ್ತು. ಕೊನೆಗೆ ಉಳಿದದ್ದು ಮೂರೇ ವಾಕ್ಯ. ಮಾನ್ಯರೇ, ರೆಸ್ಯೂಮೆ ಲಗತ್ತಿಸಿದ್ದೇನೆ, ತಮ್ಮ ಉತ್ತರದ ನಿರೀಕ್ಷೆಯಲ್ಲಿ.

ಇಬ್ಬರೂ ನಕ್ಕೆವು. ಆದ್ರೆ ಅವನ ನಗು ಬೇಗ ನಿಂತಿತು.

ಇನ್ನೊಂದು ಕಡೆಯಿಂದ ನೋಡೋಣ ಅಂದೆ. ರೆಸ್ಯೂಮೆ ಓದಿದವನ ತಲೆಯಲ್ಲಿ ಏನು ಪ್ರಶ್ನೆ ಹುಟ್ಟುತ್ತೆ? ನನಗೆ ಹುಟ್ಟಿದ್ದು ಎರಡು. ಪಾಸಾದ ಮೇಲೆ ಹನ್ನೊಂದು ತಿಂಗಳು ಏನೂ ಇಲ್ಲ, ಯಾಕೆ? ಮತ್ತೆ, ಇಂಥವನು ಬೆಂಗಳೂರು, ಪುಣೆ ಬಿಟ್ಟು ಕಾಟಾ ಮನೆಯಲ್ಲಿ ರಾತ್ರಿ ಕೂರೋ ಕೆಲಸಕ್ಕೆ ನಿಜವಾಗಲೂ ಬರ್ತಾನಾ, ಇಲ್ಲಾ ಎರಡು ತಿಂಗಳಿಗೆ ಓಡ್ತಾನಾ? ರೆಸ್ಯೂಮೆ ಈ ಪ್ರಶ್ನೆ ಎಬ್ಬಿಸುತ್ತೆ, ಉತ್ತರ ಹೇಳಲ್ಲ. ಹಾಗಾದ್ರೆ ಈಮೇಲ್ ಹೇಳಬೇಕಾದದ್ದು ಅದನ್ನೇ ಅಲ್ವಾ?

"ಆ ಹನ್ನೊಂದು ತಿಂಗಳ ಮಾತು ಬ್ಯಾಡ ಅಣ್ಣಾ" ಅಂದ.

ನನಗೆ ಗೊತ್ತಿತ್ತು. ಕಾಕಾನಿಗೆ ಆಪರೇಷನ್ ಆಗಿತ್ತು, ಹೊಲ ಇವನೇ ನೋಡಿಕೊಂಡಿದ್ದ. ಕಬ್ಬು ಕಡಿಯೋ ಗ್ಯಾಂಗ್ ಹಿಡಿದು ತರೋದು, ಟ್ರ್ಯಾಕ್ಟರಿನ ಜೊತೆ ಕಾರ್ಖಾನೆಗೆ ಹೋಗಿ ಪಾಳಿ ಕಾಯೋದು. ಅದು ಅವನಿಗೆ ನಾಚಿಕೆಯ ವಿಷಯ ಆಗಿಬಿಟ್ಟಿತ್ತು, ಓದಿದವನು ಹೊಲದಲ್ಲಿ ಇದ್ದ ಅಂತ. ಪಕ್ಕದ ಕೋಣೆಯಲ್ಲಿ ಕಾಕಾ ಮಲಗಿದ್ರು, ನಾವು ಮಾತಾಡೋದು ಕೇಳಿಸ್ತಾ ಇತ್ತೋ ಏನೋ.

ಸುಮ್ಮನೆ ಕೇಳಿದೆ, "ಕಾಟಾದ ಮ್ಯಾಲೆ ಏನ್ ನೋಡಿದಿ ಹೇಳು."

ಆಗ ಹೇಳಿದ ನೋಡಿ! ಒಂದು ರಾತ್ರಿ ಇವನ ಗಾಡಿಯ ಭರ್ತಿ ತೂಕದ ಚೀಟಿ ಬಂತು. ಮುಂದಿನ ಗಾಡಿಯವನ ಚೀಟಿಯಲ್ಲೂ ಅದೇ ಅಂಕಿ, ಅವನ ಮುಂದಿನವನದ್ದೂ ಅದೇ. ಆ ಕಾಟಾ ಹತ್ತು ಕಿಲೋ ಹಂತದಲ್ಲಿ ತೂಕ ತೋರಿಸೋದರಿಂದ ಎರಡು ಗಾಡಿಗೆ ಒಂದೇ ಅಂಕಿ ಅಪರೂಪಕ್ಕೆ ಬರಬಹುದು. ಸಾಲಾಗಿ ಮೂರಕ್ಕೆ ಬರಲ್ಲ. ಇವನು ಒಳಗೆ ಹೋಗಿ ನೋಡಿದ್ರೆ ಕಾಟಾದ ಡಿಸ್‌ಪ್ಲೇ ಪೆಟ್ಟಿಗೆಯಲ್ಲಿ ಒಂದು ಅಂಕಿ, ಕಂಪ್ಯೂಟರ್ ಪರದೆಯಲ್ಲಿ ಇನ್ನೊಂದು. ಎರಡರ ನಡುವಿನ ಸೀರಿಯಲ್ ಕೇಬಲ್ ಸಡಿಲಾಗಿತ್ತು. ತೂಕ ಬರೋದು ನಿಂತಿದ್ರೂ ಪ್ರೋಗ್ರಾಂ ಕೊನೆಗೆ ಬಂದ ಅಂಕಿಯನ್ನೇ ಹಿಡಿದುಕೊಂಡು ಚೀಟಿ ಮುದ್ರಿಸ್ತಾ ಇತ್ತು. ಯಾರೂ ಮೋಸ ಮಾಡಿರಲಿಲ್ಲ. ಕೇಬಲ್ ಬಿಗಿ ಮಾಡಿ ಮತ್ತೆ ತೂಗಿಸಿದ್ರಂತೆ.

"ನೀ ಬರದಿದ್ರ ಆ ಪ್ರೋಗ್ರಾಂ ಹ್ಯಾಂಗ್ ಬರೀತಿದ್ದಿ?"

"ಪ್ರತಿ ಅಂಕಿ ಜೋಡಿ ಅದು ಬಂದ ಟೈಮ್ ಇಡ್ತೀನಿ. ಎರಡು ಸೆಕೆಂಡಿಗಿಂತ ಹಳೇದಾದ್ರ ಚೀಟಿ ಮುದ್ರಿಸೂದಿಲ್ಲ."

ಇದು ರೆಸ್ಯೂಮೆಯಲ್ಲಿ ಯಾವ ಹೆಡ್ಡಿಂಗಿನ ಕೆಳಗೂ ಕೂರಲ್ಲ. ಅದಕ್ಕೇ ಈಮೇಲ್ ಇರೋದು ಅಂದೆ. ಅಲ್ಲೇ ಕೂತು ಹೊಸದು ಬರೆಸಿದೆ. ಬರೆದದ್ದು ಇಂಗ್ಲಿಷಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಹೇಳೋದಾದ್ರೆ ಹೀಗಿತ್ತು:

"ಸೀಜನ್ನಿನಲ್ಲಿ ಕಾಟಾದ ಹತ್ತಿರವೇ ಇರುವ ಇಂಜಿನಿಯರ್ ಬೇಕೆಂದು ನಿಮ್ಮ ಜಾಹೀರಾತಿನಲ್ಲಿ ಓದಿದೆ. ಪದವಿಯ ನಂತರ ಹನ್ನೊಂದು ತಿಂಗಳು ತಂದೆಯ ಅನಾರೋಗ್ಯದಿಂದ ನಮ್ಮ ಕಬ್ಬಿನ ಹೊಲ ನೋಡಿಕೊಂಡೆ. ಆಗ ಕಾಟಾವನ್ನು ರೈತನ ಕಡೆಯಿಂದ ಕಂಡೆ. ಒಂದು ರಾತ್ರಿ ಸೀರಿಯಲ್ ಕೇಬಲ್ ಸಡಿಲವಾಗಿ ಸತತ ಮೂರು ಗಾಡಿಗಳಿಗೆ ಒಂದೇ ತೂಕ ಮುದ್ರಣವಾಯಿತು. ಎರಡು ಸೆಕೆಂಡಿಗಿಂತ ಹಳೆಯ ತೂಕವನ್ನು ಪ್ರೋಗ್ರಾಂ ಒಪ್ಪದಿದ್ದರೆ ಇದು ಆಗುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ಕಾಟಾ ಆಪರೇಟರ್ ಜೊತೆ ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಿ ತೊಂದರೆ ತಿಳಿದುಕೊಳ್ಳಬಲ್ಲೆ. ಅಥಣಿ, ಕಾಗವಾಡ, ರಾಯಬಾಗ ಕಡೆಯ ಕಾರ್ಖಾನೆಗಳಿಗೆ ಮನೆಯಿಂದಲೇ ಬೈಕಿನಲ್ಲಿ ಹೋಗಬಹುದು. ತಂದೆ ಈಗ ಆರೋಗ್ಯವಾಗಿದ್ದಾರೆ, ಮುಂದಿನ ವಾರದಿಂದಲೇ ಬರಬಲ್ಲೆ."

ಅಷ್ಟೇ. ಫೋನಿನಲ್ಲಿ ತೆರೆದ್ರೂ ಹೆಚ್ಚು ಕಡಿಮೆ ಒಂದೇ ಪರದೆಯಲ್ಲಿ ಮುಗಿಯುತ್ತೆ. ಭಾಷೆ ರೆಸ್ಯೂಮೆಯಲ್ಲೂ ಇತ್ತು ಅಂತ ನೀವು ಹೇಳಬಹುದು. ಇತ್ತು, ನಾಲ್ಕು ಭಾಷೆಯ ಪಟ್ಟಿಯಾಗಿ. ಆ ಕೆಲಸದಲ್ಲಿ ಅದು ಯಾಕೆ ಬೇಕಾಗುತ್ತೆ ಅನ್ನೋದು ಅಲ್ಲಿ ಇರಲಿಲ್ಲ.

ಒಂದು ಕಡೆ ನಾನೇ ತಡೆದೆ. ಯಾವ ಕಾರ್ಖಾನೆ ಅಂತ ಹೆಸರು ಬರೆದಿದ್ದ. ಅದು ಇವರದೇ ಗಿರಾಕಿ ಆಗಿರಬಹುದು, ಆ ಪ್ರೋಗ್ರಾಂ ಬರೆದವರೂ ಇವರೇ ಇರಬಹುದು, ತೆಗೆ ಅಂದೆ. ಘಟನೆ ಹೇಳಬೇಕು, ದೂರು ಹೇಳಬಾರದು. ವಿಷಯದ ಸಾಲಿನಲ್ಲಿ ಬರೀ "ಅರ್ಜಿ" ಅಂತಿದ್ದದ್ದನ್ನ ಬದಲಿಸಿ ಹುದ್ದೆಯ ಹೆಸರು, ಜೊತೆಗೆ "ಕಾಟಾ, ಕನ್ನಡ-ಮರಾಠಿ" ಅಂತ ಹಾಕಿಸಿದೆ. ಲಗತ್ತಿನ ಹೆಸರು `resume_final_new2.pdf` ಅಂತಿತ್ತು. ಅದನ್ನ ಅವನ ಹೆಸರಿಗೆ ಬದಲಿಸಿದ್ವಿ.

ಇದು ಎಲ್ಲಾ ಕಡೆ ನಡೆಯುತ್ತೆ ಅಂತ ನಾನು ಹೇಳಲ್ಲ. ದೊಡ್ಡ ಕಂಪನಿಗಳ ವೆಬ್‌ಸೈಟಿನಲ್ಲಿ ಫಾರಂ ತುಂಬೋದಾದ್ರೆ ಇಂಥ ಪತ್ರವನ್ನ ಎಷ್ಟೋ ಸಲ ಯಾರೂ ತೆರೆಯಲ್ಲ. ಸಣ್ಣ ಕಂಪನಿಯಲ್ಲಿ ಮಾತ್ರ ಈಮೇಲ್ ಓದೋನು ನಾಳೆ ನಿನ್ನ ಜೊತೆ ಕೆಲಸ ಮಾಡೋನೇ ಆಗಿರ್ತಾನೆ. ಹಾಗಾಗಿ ನಲವತ್ತು ಕಡೆಗೂ ಇದನ್ನೇ ಕಳಿಸಬೇಡ ಅಂದೆ. ಕಾಟಾದ ಕಥೆ ಬ್ಯಾಂಕಿನ ಸಾಫ್ಟ್‌ವೇರ್ ಮಾಡೋರಿಗೆ ಏನು ಹೇಳುತ್ತೆ?

ನಾನು ಬೆಂಗಳೂರಿಗೆ ವಾಪಸ್ ಬಂದ ಮೂರನೇ ದಿನ ರಾತ್ರಿ ಫೋನು. ಉತ್ತರ ಬಂದಿತ್ತು, ಒಂದೇ ಸಾಲು. "ಆಪರೇಟರ್ ಕಂಪ್ಯೂಟರಿನ ಗಡಿಯಾರ ಹಿಂದಕ್ಕೆ ತಿರುಗಿಸಿದರೆ ನಿಮ್ಮ ಎರಡು ಸೆಕೆಂಡಿನ ಲೆಕ್ಕ ಏನಾಗುತ್ತೆ?"

"ಏನ್ ಬರೀಲಿ ಅಣ್ಣಾ?"

"ನೀನೇ ಯೋಚ್ನೆ ಮಾಡೋ" ಅಂದೆ. ಅರ್ಧ ಗಂಟೆ ಬಿಟ್ಟು ಅವನೇ ಮೆಸೇಜ್ ಹಾಕಿದ. ಗಡಿಯಾರದ ಟೈಮ್ ನಂಬದೆ, ಕಂಪ್ಯೂಟರ್ ಶುರುವಾದಾಗಿಂದ ಮುಂದಕ್ಕೇ ಎಣಿಸ್ತಾ ಹೋಗೋ ಕೌಂಟರ್ ಬಳಸ್ತೀನಿ ಅಂತ ಬರೆದು ಕಳಿಸಿದ್ದ. ನನ್ನನ್ನ ಕೇಳದೇನೇ.

ಕೆಲಸ ಸಿಗುತ್ತೋ ಇಲ್ವೋ ನೋಡಬೇಕು, ಮುಂದಿನ ಸೋಮವಾರ ಇಂಟರ್‌ವ್ಯೂ. ಊರಿನ ಇನ್ನೊಂದು ಸುದ್ದಿ ಕಾಕು ಫೋನಿನಲ್ಲಿ ಹೇಳಿದ್ರು. ಅಪ್ಪನ ಆಪರೇಷನ್ ವಿಷಯ ಅರ್ಜಿಯಲ್ಲಿ ಬರೆದೀನಿ ಅಂತ ಹುಡುಗ ಕಾಕಾನ ಮುಂದೆ ಹೇಳಿದ್ನಂತೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಬ್ಬಿನ ಮಾತೂ ಬರದಿಯೇನ?" ಅಂತ ಕೇಳಿದ್ರಂತೆ.

ನೀವು ನಿಮ್ಮ ಮೊದಲ ಅರ್ಜಿಯ ಜೊತೆ ಏನು ಬರೆದಿದ್ರಿ? ನೆನಪಿದ್ರೆ ಹೇಳಿ. ನನ್ನದರಲ್ಲಿ ಇದ್ದದ್ದು ಅದೇ ಮೂರು ವಾಕ್ಯ :)